ಮೈಸೂರು ಪಾಕಿನ ಯಾವ ತುಂಡು ತೋರಿಸಬೇಕು? ಅಡುಗೆ ಚಾನೆಲ್‌ನ ಥಂಬ್‌ನೇಲ್, ಟೈಟಲ್: ಪರ-ವಿರೋಧ

ಪ್ರಶ್ನೆ ಇಷ್ಟೇ. ಯೂಟ್ಯೂಬಿನ ಅಡುಗೆ ವಿಡಿಯೋಗೆ ಥಂಬ್‌ನೇಲ್, ಅಂದರೆ ಒತ್ತುವ ಮುಂಚೆ ಕಾಣುವ ಚಿತ್ರಕ್ಕೆಂದೇ ಬೇರೆಯಾಗಿ ಚೆಂದದ ಫೋಟೋ ತೆಗೆಯುವುದು, ಟೈಟಲ್‌ನಲ್ಲಿ ಒಂದು ಗುಟ್ಟು ಉಳಿಸಿಕೊಳ್ಳುವುದು ಮೋಸವೇ? ಇಬ್ಬರು ಬರೆದಿದ್ದಾರೆ. ಇಬ್ಬರ ಮುಂದೆಯೂ ಒಂದೇ ತಟ್ಟೆ: ಗಟ್ಟಿ ಮೈಸೂರು ಪಾಕ್.

ಪರ: ಸಿಂಗಾರ ಮೋಸವಲ್ಲ

ವಿಡಿಯೋ ಓಡುತ್ತಿರುವಾಗ ಅದರಿಂದಲೇ ಒಂದು ಚಿತ್ರ ಕಿತ್ತುಕೊಂಡು ಥಂಬ್‌ನೇಲ್ ಮಾಡಿ ನೋಡಿ. ಬಾಣಲೆಯ ಮೇಲೆ ಹಬೆ, ಸೌಟು ಹಿಡಿದ ಕೈಯ ನೆರಳು, ಟ್ಯೂಬ್‌ಲೈಟಿನ ಬಿಳಿಚಿದ ಬೆಳಕು. ಕಡಲೆಹಿಟ್ಟು ತುಪ್ಪ ಕುಡಿದು ನೊರೆಯಾಗಿ ಉಬ್ಬುವ ಹೊತ್ತು ಕಣ್ಣಿಗೆ ಹಬ್ಬ. ಆದರೆ ನಿಂತ ಚಿತ್ರದಲ್ಲಿ ಅದು ಹಳದಿ ಗಂಜಿಯಂತೆ ಕಾಣುತ್ತದೆ. ಅದನ್ನು ಹಾಕಿದರೆ ಪ್ರಾಮಾಣಿಕತೆ ಉಳಿಯಬಹುದು, ಯಾರೂ ಒತ್ತುವುದಿಲ್ಲ. ಯಾರೂ ನೋಡದ ವಿಡಿಯೋದಿಂದ ಯಾರಿಗೆ ಉಪಕಾರ?

ಹಾಗಾಗಿ ಬೇರೆ ಫೋಟೋ ಬೇಕೇ ಬೇಕು. ನಾನು ಹಾಕಿಕೊಂಡ ಗೆರೆ ಒಂದೇ: ಅದೇ ದಿನದ, ಅದೇ ಬಾಣಲೆಯ ಮೈಸೂರು ಪಾಕ್ ಆಗಿರಬೇಕು. ಅಂಗಡಿಯಿಂದ ತಂದದ್ದಲ್ಲ, ಇಂಟರ್ನೆಟ್‌ನಿಂದ ಎತ್ತಿದ್ದಲ್ಲ. ಮೃದುವಾದ ತುಪ್ಪದ ಮೈಸೂರು ಪಾಕಿನ ಫೋಟೋ ಹಾಕಿ ಒಳಗೆ ಗಟ್ಟಿ ಮೈಸೂರು ಪಾಕ್ ಮಾಡಿ ತೋರಿಸುವುದೂ ಅಲ್ಲ. ಅವೆರಡೂ ಬೇರೆ ಬೇರೆ ತಿಂಡಿ.

ಇನ್ನು ಫೋಟೋ ಹೇಗಿರಬೇಕು? ಗಟ್ಟಿ ಮೈಸೂರು ಪಾಕಿನ ಜೀವ ಅದರ ಕತ್ತರಿಸಿದ ಬದಿಯಲ್ಲಿದೆ. ಮೇಲಿನಿಂದ ತೆಗೆದರೆ ಅದು ಯಾವ ಬರ್ಫಿಯೂ ಆಗಬಹುದು. ಕತ್ತರಿಸಿದ ಬದಿಯನ್ನು ಕ್ಯಾಮೆರಾಗೆ ತಿರುಗಿಸಿದರೆ ಗೂಡುಗೂಡಾದ ಒಳಮೈ, ನಡುವಿನ ಕೆಂಬಣ್ಣದ ಪಟ್ಟಿ ಎರಡೂ ಕಾಣುತ್ತವೆ. ಬೆಳಕು ಎದುರಿನಿಂದ ಬಿದ್ದರೆ ತೂತುಗಳು ಮುಚ್ಚಿಹೋದಂತೆ ಕಾಣುತ್ತವೆ. ಕಿಟಕಿಯ ಪಕ್ಕ ಇಟ್ಟು ಬೆಳಕು ಒಂದು ಬದಿಯಿಂದ ಬರುವಂತೆ ಮಾಡಿದರೆ ಪ್ರತಿ ತೂತಿನಲ್ಲೂ ಒಂದು ಸಣ್ಣ ನೆರಳು ಕೂರುತ್ತದೆ. ಇನ್ನೊಂದು ವಿಷಯ, ಫೋಟೋ ಬೇಗ ತೆಗೆಯಬೇಕು. ಪೂರ್ತಿ ಆರಿ ತುಪ್ಪ ಗಟ್ಟಿಯಾದರೆ ಮೇಲೆ ಬಿಳಿಚು ಬರುತ್ತದೆ, ಹೊಳಪು ಹೋಗುತ್ತದೆ. ಇದರಲ್ಲಿ ಎಲ್ಲಿದೆ ಮೋಸ? ಇರುವುದನ್ನೇ ಕಾಣುವಂತೆ ಮಾಡಿದ್ದು, ಅಷ್ಟೆ. ಆಮೇಲೆ ಮೊಬೈಲಿನಲ್ಲಿ ಹಳದಿಯನ್ನು ಎಳೆದು ಎಳೆದು ಅರಿಶಿನದ ಬಣ್ಣಕ್ಕೆ ತರುವವರೂ ಇದ್ದಾರೆ. ಅದನ್ನು ನಾನು ಸಮರ್ಥಿಸಲ್ಲ. ಹಿಟ್ಟಿನ ಬಣ್ಣ ನೋಡಿಯೇ ಹದ ಕಲಿಯುವವರಿಗೆ ಅದು ಸುಳ್ಳು ಪಾಠ.

ಚಿತ್ರದ ಮೇಲೆ ಬರೆಯುವ ಅಕ್ಷರ ಎರಡು ಮೂರು ಪದ ಮೀರಬಾರದು. ಕನ್ನಡಕ್ಕೆ ಇದು ಇನ್ನೂ ಹೆಚ್ಚು ಅನ್ವಯ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಮೊಬೈಲಿನಲ್ಲಿ ಅವು ಕೆಳಗಿನ ಸಾಲಿನ ತಲೆಕಟ್ಟಿಗೆ ಅಂಟಿಕೊಂಡು ಏನೂ ಓದಲಾಗುವುದಿಲ್ಲ. ಬಲಗಡೆಯ ಕೆಳಮೂಲೆಯಲ್ಲಿ ಯೂಟ್ಯೂಬ್ ವಿಡಿಯೋದ ಅವಧಿ ತೋರಿಸುತ್ತದೆ, ಅಲ್ಲಿ ಏನೂ ಇಡಬಾರದು. 1280x720 ಅಳತೆಯಲ್ಲಿ ಕಂಪ್ಯೂಟರ್ ಮೇಲೆ ಚೆಂದ ಕಂಡದ್ದು ಮೊಬೈಲಿನಲ್ಲಿ ಕಾಣೆಯಾಗುತ್ತದೆ. ಆದ್ದರಿಂದ ಹಾಕುವ ಮುಂಚೆ ಫೋನಿನಲ್ಲಿ ಚಿಕ್ಕದಾಗಿಸಿ ನೋಡಲೇಬೇಕು.

ಟೈಟಲ್ ವಿಷಯಕ್ಕೆ ಬರೋಣ. ನಾನು ಬರೆಯುವುದು ಹೀಗೆ:

`ಗೂಡುಗೂಡಾದ ಮೈಸೂರು ಪಾಕ್: ತುಪ್ಪ ಯಾವಾಗ ಹಾಕಬೇಕು? | Mysore Pak Recipe in Kannada`

ಕೊನೆಯ ಇಂಗ್ಲಿಷ್ ಅಕ್ಷರಗಳು ಸುಮ್ನೆ ಅಲ್ಲ. ಕನ್ನಡದವರಲ್ಲೂ ಎಷ್ಟೋ ಜನ ಹುಡುಕುವಾಗ ಹೀಗೇ ಟೈಪ್ ಮಾಡುತ್ತಾರೆ. ಟೈಟಲ್‌ಗೆ 100 ಅಕ್ಷರದ ಮಿತಿ ಇದೆ, ಆದರೆ ಫೋನಿನಲ್ಲಿ ಕಾಣುವುದು ಅದರ ಮೊದಲ ಭಾಗ. ಹಾಗಾಗಿ ತಿಂಡಿಯ ಹೆಸರು ಮುಂದೆಯೇ ಇರಬೇಕು. ನಡುವೆ ಇರುವ ಪ್ರಶ್ನೆಯೇ ನಾನು ಉಳಿಸಿಕೊಂಡ ಗುಟ್ಟು. ಉತ್ತರ ಎಲ್ಲರಿಗೂ ಸಿಗುತ್ತದೆ: ಪಾಕ ಒಂದೆಳೆಗೆ ಬಂದು ಹಿಟ್ಟು ಕೂಡಿದ ಮೇಲೆ, ಪಕ್ಕದ ಒಲೆಯಲ್ಲಿ ಕಾಯುತ್ತಿರುವ ಸುಡುಸುಡು ತುಪ್ಪವನ್ನು ಸೌಟು ಸೌಟಾಗಿ ಹಾಕಬೇಕು. ಪ್ರತಿ ಸಲವೂ ಚೊರ್ರ್ ಎನ್ನಬೇಕು. ಸದ್ದು ಬರಲಿಲ್ಲವೆಂದರೆ ತುಪ್ಪ ಆರಿದೆ, ಗೂಡು ಬರುವುದಿಲ್ಲ. ಇದನ್ನು ಮೊದಲ 30 ಸೆಕೆಂಡಿನಲ್ಲೇ ಒಮ್ಮೆ ತೋರಿಸಿಬಿಡುತ್ತೇನೆ. ಕೇಳಿದ ಪ್ರಶ್ನೆಗೆ ಬಂದ ಕೂಡಲೇ ಉತ್ತರ ಸಿಕ್ಕರೆ ಬಂದವರಿಗೆ ಮೋಸ ಹೋದೆ ಅನಿಸಲ್ಲ. ಕೊನೆಯವರೆಗೂ ಕಾಯಿಸಿದರೆ ಖಂಡಿತ ಅನಿಸುತ್ತದೆ.

ಸುಳ್ಳು ಹೇಳುವವರಿಗೆ ಶಿಕ್ಷೆಯೂ ಇಲ್ಲದಿಲ್ಲ. ಯೂಟ್ಯೂಬ್ 2012ರಲ್ಲೇ ಬರೀ ವ್ಯೂಸ್ ಲೆಕ್ಕ ಬಿಟ್ಟು, ಜನ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ಜಾಸ್ತಿ ಬೆಲೆ ಕೊಡತೊಡಗಿತು. ಈಗ ಒಂದೇ ವಿಡಿಯೋಗೆ ಮೂರು ಥಂಬ್‌ನೇಲ್ ಹಾಕಿ ಪರೀಕ್ಷಿಸುವ ಸೌಲಭ್ಯವಿದೆ. ಅದರಲ್ಲೂ ಗೆಲ್ಲುವುದು ಹೆಚ್ಚು ಕ್ಲಿಕ್ ತಂದದ್ದಲ್ಲ, ಹೆಚ್ಚು ಹೊತ್ತು ನೋಡಿಸಿದ್ದು. "2 ಚಮಚ ತುಪ್ಪದಲ್ಲಿ ಮೈಸೂರು ಪಾಕ್" ಎಂದು ಬರೆದು ಒಳಗೆ ಎರಡು ಕಪ್ ಎಣ್ಣೆ ಸುರಿದರೆ, ಎಣ್ಣೆಯ ಪ್ಯಾಕೆಟ್ ಕಂಡ ಜಾಗದಲ್ಲೇ ನೋಡುಗರ ಗ್ರಾಫ್ ಧೊಪ್ಪೆಂದು ಬೀಳುತ್ತದೆ. ಟೈಟಲ್ ಅಕ್ಷರಶಃ ನಿಜವೇ ಇರಬಹುದು. ಆದರೂ ಗ್ರಾಫ್ ಬೀಳುತ್ತದೆ, ಬೀಳಲಿ.

ವಿರೋಧ: ಮೋಸ ಹೋದವರು ಗ್ರಾಫಿನಲ್ಲಿಲ್ಲ

ಪರ ವಾದಿಸಿದವರ ಅರ್ಧ ಮಾತು ನಾನೂ ಒಪ್ಪುತ್ತೇನೆ. ಬೇರೆ ಫೋಟೋ ತೆಗೆಯಲಿ, ಬದಿಯ ಬೆಳಕು ಬರಲಿ. ಅದಲ್ಲ ನನ್ನ ತಕರಾರು. ಅದೇ ಬಾಣಲೆಯ ನಿಜವಾದ ತುಂಡಿನ ಫೋಟೋ ಕೂಡ ದಾರಿ ತಪ್ಪಿಸಬಲ್ಲದು.

ಆ ಕೆಂಬಣ್ಣದ ಪಟ್ಟಿ ಎಲ್ಲಿಂದ ಬಂತು ನೋಡಿ. ಬಿಸಿ ಮಿಶ್ರಣವನ್ನು ಆಳವಾದ ಟ್ರೇಗೆ ಸುರಿದಾಗ ಅಂಚು, ತಳ, ಮೇಲ್ಮೈ ಬೇಗ ಆರುತ್ತವೆ. ನಡುವಿನ ಬಿಸಿ ಹೊರಗೆ ಹೋಗಲಾರದೆ ಅಲ್ಲೇ ಉಳಿದು ಹಿಟ್ಟನ್ನು ಇನ್ನಷ್ಟು ಬೇಯಿಸುತ್ತದೆ. ಬಣ್ಣ ತಿರುಗುವುದು ಹಾಗೆ. ಹೆಚ್ಚು ಹಿಟ್ಟು, ಆಳದ ಟ್ರೇ ಇದ್ದರೆ ಪಟ್ಟಿ ಬರುತ್ತದೆ. ಮನೆಯಲ್ಲಿ ಅರ್ಧ ಕಪ್ ಹಿಟ್ಟಿನಲ್ಲಿ ಮಾಡಿ, ಊಟದ ತಟ್ಟೆಗೆ ತುಪ್ಪ ಸವರಿ ತೆಳ್ಳಗೆ ಹರಡಿದರೆ ಬರುವುದಿಲ್ಲ. ಕೈಯಲ್ಲಿ ಎಷ್ಟೇ ಹದವಿದ್ದರೂ ಬರುವುದಿಲ್ಲ. ಅಷ್ಟೇ ಅಲ್ಲ, ಆಳದ ಟ್ರೇಯಲ್ಲೂ ಅಂಚಿನ ತುಂಡುಗಳಿಗೆ ಅದು ಸರಿಯಾಗಿ ಇರಲ್ಲ. ಥಂಬ್‌ನೇಲ್‌ಗೆ ಆರಿಸುವುದು ಯಾವಾಗಲೂ ನಟ್ಟನಡುವಿನ ತುಂಡನ್ನೇ. ಇಡೀ ಟ್ರೇಯಲ್ಲಿ ಅತಿ ಚೆಂದದ ಒಂದನ್ನು ತೋರಿಸಿ, ನಿಮಗೂ ಇದೇ ಬರುತ್ತದೆ ಎಂಬ ಆಸೆ ಹುಟ್ಟಿಸಿದಂತಾಯಿತು. ಸುಳ್ಳು ಎಲ್ಲೂ ಇಲ್ಲ, ಅಲ್ವಾ? ಆದರೂ ಮನೆಯಲ್ಲಿ ಮಾಡಿದವರು ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ.

ಗ್ರಾಫ್ ಬೀಳುತ್ತದೆ ಎಂಬ ವಾದ ಸುದ್ದಿ ವಿಡಿಯೋಗೆ ಸರಿ. ಅಲ್ಲಿ ಮೋಸ ಗೊತ್ತಾಗುವುದು ನೋಡುವಾಗಲೇ. ಯೂಟ್ಯೂಬ್ 2024ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ದಾರಿ ತಪ್ಪಿಸುವ ಥಂಬ್‌ನೇಲ್, ಟೈಟಲ್ ಮೇಲೆ ಕ್ರಮ ಬಿಗಿ ಮಾಡುತ್ತೇವೆ ಎಂದಾಗಲೂ ಮುಖ್ಯವಾಗಿ ಹೇಳಿದ್ದು ಬ್ರೇಕಿಂಗ್ ನ್ಯೂಸ್, ಪ್ರಚಲಿತ ವಿಷಯಗಳ ಬಗ್ಗೆ. ಅಡುಗೆಯಲ್ಲಿ ಹಾಗಲ್ಲ. ಮಂಗಳವಾರ ವಿಡಿಯೋ ನೋಡುತ್ತಾರೆ, ಖುಷಿಯಿಂದ ಕೊನೆಯವರೆಗೂ ನೋಡುತ್ತಾರೆ, ಲೈಕ್ ಕೂಡ ಒತ್ತುತ್ತಾರೆ. ಒಲೆ ಹಚ್ಚುವುದು ಭಾನುವಾರ. ಕೈಕೊಡುವುದು ಆಗ. ಆ ಹೊತ್ತಿಗೆ ಗ್ರಾಫಿನಲ್ಲಿ ಅವರು ಒಳ್ಳೆಯ ನೋಡುಗರಾಗಿ ದಾಖಲಾಗಿ ಆಗಿದೆ. ಮೂರು ಥಂಬ್‌ನೇಲ್ ಪರೀಕ್ಷೆಯೂ ಇದನ್ನು ಕಾಣಲಾರದು. ಅದು ಅಳೆಯುವುದು ನೋಡಿದ ಹೊತ್ತನ್ನು, ತಟ್ಟೆಗೆ ಬಂದದ್ದನ್ನಲ್ಲ.

ಕೈಕೊಟ್ಟರೆ ಹೋಗುವುದು ಬರೀ ಸಮಯವೂ ಅಲ್ಲ. 1 ಕಪ್ ಕಡಲೆಹಿಟ್ಟಿಗೆ 2 ಕಪ್ ಸಕ್ಕರೆ, 2½ ಕಪ್ ತುಪ್ಪ ಎಂದರೆ ಅರ್ಧ ಕೆಜಿಗೂ ಮೀರಿದ ತುಪ್ಪ. ಹದ ತಪ್ಪಿದರೆ ಕಲ್ಲು, ಇಲ್ಲವೇ ಪುಡಿಪುಡಿ. ಅದಕ್ಕೇ ನಾನು ಟೈಟಲ್‌ನಲ್ಲಿ ಪ್ರಶ್ನೆ ಇಡುವ ಪೈಕಿ ಅಲ್ಲ. ತುಪ್ಪ ಯಾವಾಗ ಹಾಕಬೇಕು ಎಂಬ ಕುತೂಹಲ ಒತ್ತಿಸುತ್ತದೆ, ನಿಜ. ಆದರೆ ಒತ್ತುವ ಮುಂಚೆ ಗೊತ್ತಿರಬೇಕಾದದ್ದು ಬೇರೆ: ಎಷ್ಟು ತುಪ್ಪ, ಯಾವ ಪಾತ್ರೆ, ಎಷ್ಟು ಹೊತ್ತು. ನಾನು ಬರೆದರೆ ಹೀಗೆ:

`ಗಟ್ಟಿ ಮೈಸೂರು ಪಾಕ್: 1 ಕಪ್ ಹಿಟ್ಟು, 2½ ಕಪ್ ತುಪ್ಪ, ಆಳದ ಟ್ರೇ | Mysore Pak Recipe in Kannada`

ಇದಕ್ಕೆ ಕ್ಲಿಕ್ ಕಡಿಮೆ ಬರಬಹುದು. ತುಪ್ಪದ ಲೆಕ್ಕ ನೋಡಿಯೇ ಕೆಲವರು ಮುಂದೆ ಹೋಗುತ್ತಾರೆ. ಹೋಗಲಿ, ಅವರು ಹೇಗೂ ಇದನ್ನು ಮಾಡುವವರಲ್ಲ. ತೋರಿಸಿದ ನೂರು ಸಲಕ್ಕೆ ಎಷ್ಟು ಜನ ಒತ್ತಿದರು ಎಂಬ ಲೆಕ್ಕ ಯೂಟ್ಯೂಬ್ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್, ವಿಡಿಯೋಗಳಲ್ಲಿ 2ರಿಂದ 10ರ ನಡುವೆ ಇರುತ್ತದೆ. ಆ ಅಂಕಿ 6ರಿಂದ 5ಕ್ಕೆ ಇಳಿದರೆ ನನಗೆ ನಿದ್ದೆ ಕೆಡುವುದಿಲ್ಲ.

ಸಮಯದ ವಿಷಯದಲ್ಲಿ ಎಲ್ಲರೂ ಜಾರುತ್ತಾರೆ. "10 ನಿಮಿಷದಲ್ಲಿ ಮೈಸೂರು ಪಾಕ್" ಎನ್ನುವವರ ಗಡಿಯಾರ ಹಿಟ್ಟು ಪಾಕಕ್ಕೆ ಬಿದ್ದಾಗ ಶುರುವಾಗಿ ಟ್ರೇಗೆ ಸುರಿದಾಗ ನಿಲ್ಲುತ್ತದೆ. ಹಿಟ್ಟು ಜರಡಿ ಹಿಡಿದದ್ದು, ಪಾಕ ಬರಿಸಿದ್ದು, ಬಿಸಿ ಆರಿ ಕತ್ತರಿಸುವ ಹದಕ್ಕೆ ಕಾದದ್ದು ಲೆಕ್ಕದಲ್ಲಿಲ್ಲ. ಸಂಜೆ ನೆಂಟರು ಬರುತ್ತಾರೆಂದು ಐದು ಗಂಟೆಗೆ ಶುರು ಮಾಡಿದವರ ಪಾಡು ಏನು? ಬೆಚ್ಚಗಿರುವಾಗಲೇ ಗೆರೆ ಹಾಕಬೇಕು, ಪೂರ್ತಿ ಆರಿದ ಮೇಲೆ ಕತ್ತರಿಸಿದರೆ ಒಡೆಯುತ್ತದೆ. ನಿಮಿಷ ಬರೆಯಲೇಬೇಕೆಂದರೆ ಒಲೆ ಹಚ್ಚಿದಲ್ಲಿಂದ ತುಂಡು ಕೈಗೆ ಬರುವವರೆಗಿನದ್ದು ಬರೆಯಲಿ. ಇಲ್ಲವೇ ಬರೆಯುವುದೇ ಬೇಡ.

ಫೋಟೋಗೆ ನನ್ನ ಸಲಹೆ ಸರಳ. ಒಂದು ತುಂಡಿನ ಬದಲು ಟ್ರೇಯ ಒಂದು ಮೂಲೆ ತೋರಿಸಿ, ಮುಂದೆ ನಡುವಿನ ತುಂಡು, ಪಕ್ಕದಲ್ಲೇ ಅಂಚಿನ ತುಂಡು. ಎರಡರ ಬಣ್ಣ ಬೇರೆ ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಟ್ರೇ ಎಷ್ಟು ಆಳ ಎಂಬುದೂ ಕಾಣುತ್ತದೆ. ಇದು ಒಂದೇ ತುಂಡಿನಷ್ಟು ಮುದ್ದಾಗಿ ಕಾಣುವುದಿಲ್ಲ, ಒಪ್ಪುತ್ತೇನೆ. ಆದರೆ ಬಾಯಿ ತೆರೆದು, ಕಣ್ಣು ಅರಳಿಸಿ, ತುಂಡಿನ ಕಡೆ ಬೆರಳು ತೋರಿಸುವ ಮುಖದ ಫೋಟೋಗಿಂತ ಎಷ್ಟೋ ವಾಸಿ.

ಹಾಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ಥಂಬ್‌ನೇಲ್, ಟೈಟಲ್ ಎರಡನ್ನೂ ಯಾವಾಗ ಬೇಕಾದರೂ ಬದಲಿಸಬಹುದು. ಹಾಗಾಗಿ ನಾನು ನೋಡುವುದು ಮೊದಲ ದಿನದ ಕಾಮೆಂಟ್‌ಗಳನ್ನಲ್ಲ. ಅಲ್ಲಿ ಬರೀ "ಸೂಪರ್" ಇರುತ್ತದೆ. ಒಂದೆರಡು ವಾರ ಬಿಟ್ಟು ಬರುವ "ನನಗೆ ಗೂಡು ಬರಲಿಲ್ಲ ಅಕ್ಕ" ಎಂಬವನ್ನು ನೋಡಬೇಕು. ಅಂಥವು ಮತ್ತೆ ಮತ್ತೆ ಬಂದರೆ ಒಬ್ಬೊಬ್ಬರಿಗೂ "ತುಪ್ಪ ಚೆನ್ನಾಗಿ ಕಾಯಿಸಿ" ಎಂದು ಉತ್ತರ ಬರೆಯುತ್ತಾ ಕೂರುವ ಬದಲು ಟೈಟಲ್‌ನಲ್ಲೇ "ಕುದಿ ಬಿಸಿ ತುಪ್ಪ" ಎಂದು ಸೇರಿಸಬೇಕು. ಪಟ್ಟಿ ಬರಲಿಲ್ಲ ಎಂಬ ದೂರು ಜಾಸ್ತಿ ಇದ್ದರೆ ಪಟ್ಟಿಯ ಫೋಟೋವನ್ನೇ ತೆಗೆದು ಟ್ರೇಯದ್ದು ಹಾಕಬೇಕು.