ಬೆಣ್ಣೆ ಜಾಸ್ತಿ, ದೋಸೆ ಕಮ್ಮಿ

ದಾವಣಗೆರೆಯ ಯಾವುದೇ ದೋಸೆ ಹೋಟೆಲ್‌ನಲ್ಲಿ ಕೂತು ನೋಡಿ. "ಎರಡು ಬೆಣ್ಣೆ, ಒಂದು ಖಾಲಿ" ಅನ್ನುತ್ತಾನೆ ಗಿರಾಕಿ. ಅಷ್ಟೇ. "ಅಗ್ನಿದೇವನಿಗೆ ಸಮಾನರಾದ ಭಟ್ಟರೇ, ಬೆಳಿಗ್ಗೆಯಿಂದ ಹಸಿದಿರುವ ನಾನು ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ" ಅಂತ ಯಾರೂ ಶುರು ಮಾಡುವುದಿಲ್ಲ. ಆದರೂ ದೋಸೆ ಬರುತ್ತದೆ. ಅದೇ ಮನುಷ್ಯ ಕೈ ತೊಳೆದುಕೊಂಡು ಕಚೇರಿ ಎದುರಿನ ಟೈಪಿಂಗ್ ಅಂಗಡಿಗೆ ಹೋಗಲಿ, ದೋಸೆ ಮರೆತು ಬರೀ ಬೆಣ್ಣೆ ಹಚ್ಚಲು ಕೂರುತ್ತಾನೆ.

ನಮ್ಮ ದೊಡ್ಡಪ್ಪನ ಕೇಸೇ ತಗೊಳ್ಳಿ. ಊರಲ್ಲಿರುವ ಹೊಲ 2 ಎಕರೆ 12 ಗುಂಟೆ. ಕೈಬರಹದ ಪಹಣಿ ಕಂಪ್ಯೂಟರ್‌ಗೆ ಹೋಗುವಾಗ ಯಾರದೋ ಬೆರಳು ಜಾರಿ 12 ಹೋಗಿ 02 ಆಯಿತು. 10 ಗುಂಟೆ ಅಂದರೆ ಕಾಲು ಎಕರೆ. ಹೊಲ ಇದ್ದಲ್ಲೇ ಇದೆ, ಮೆಕ್ಕೆಜೋಳ ಬೆಳೆಯುತ್ತಿದೆ. ಕಾಗದದಲ್ಲಿ ಮಾತ್ರ ಕಾಲು ಎಕರೆ ನಾಪತ್ತೆ. ತಿದ್ದುಪಡಿಗೆ ಅರ್ಜಿ ಕೊಟ್ಟರು. ಸರ್ವೆಯವರು ಬಂದು ಅಳೆದು 2 ಎಕರೆ 12 ಗುಂಟೆ ಸರಿ ಅಂತ ವರದಿಯನ್ನೂ ಕೊಟ್ಟರು. ಆಮೇಲೆ ಕಡತ ಒಂದು ಮೇಜಿನ ಮೇಲೆ ಐದು ತಿಂಗಳು ಮಲಗಿತು.

"ದೊಡ್ಡ ಸಾಹೇಬ್ರನ್ನ ಒಂದ್ಸಲ ಕಂಡು ಬಂದ್ರೆ ಆಗುತ್ತೆ" ಅಂತ ಯಾರೋ ಹೇಳಿದರು. ಕಾಣಬೇಕಾದರೆ ಪತ್ರ ಕೊಡಬೇಕು. ದೊಡ್ಡಪ್ಪ ಟೈಪಿಂಗ್ ಅಂಗಡಿಗೆ ಹೋದರು.

ಆ ಪತ್ರ ನಾನು ಓದಿದ್ದೇನೆ. ಎರಡೂವರೆ ಪುಟ. ಮೊದಲ ಎಂಟು ಸಾಲಿನಲ್ಲಿ ಸಾಹೇಬರು ದಕ್ಷರು, ಪ್ರಾಮಾಣಿಕರು, ಜನಾನುರಾಗಿಗಳು, ಬಡವರ ಬಂಧುಗಳು. ದೊಡ್ಡಪ್ಪ ಅವರನ್ನು ಅದುವರೆಗೆ ಕಂಡೇ ಇರಲಿಲ್ಲ, ಅದು ಬೇರೆ ಮಾತು. ಎರಡನೇ ಪ್ಯಾರಾದಲ್ಲಿ ನಮ್ಮ ಮುತ್ತಜ್ಜ ಹೊಲ ಕೊಂಡ ಕಥೆ. ಮೂರನೆಯದರಲ್ಲಿ ಪಕ್ಕದ ಹೊಲದವನ ಬದು ಒತ್ತುವರಿ. ನಾಲ್ಕನೆಯದರಲ್ಲಿ ದೊಡ್ಡಮ್ಮನ ಮಂಡಿನೋವು. ಕೊನೆಯ ಪುಟದ ಕೊನೆಯ ಸಾಲಿನಲ್ಲಿ, ಸಹಿಯ ಮೇಲೆ, ಬಸ್ಸಿನ ಫುಟ್‌ಬೋರ್ಡ್ ಮೇಲೆ ನೇತಾಡುವವನ ಹಾಗೆ ಒಂದು ಮಾತು: "ತಮ್ಮ ದರ್ಶನ ಭಾಗ್ಯ ಕರುಣಿಸಬೇಕು."

ವಿಷಯ ಅನ್ನುವ ಜಾಗದಲ್ಲಿ ಏನಿತ್ತು ಗೊತ್ತಾ? "ಜಮೀನಿನ ಬಗ್ಗೆ."

ಪತ್ರದ ಹಣೆಬರಹ ಅಲ್ಲೇ ಬರೆದಾಗಿತ್ತು. ಟಪಾಲು ಶಾಖೆಯಲ್ಲಿ ಕೂತವನಿಗೆ ದಿನಕ್ಕೆ ಬರುವ ಕಾಗದ ಒಂದೆರಡಲ್ಲ. ಅವನು ಎರಡೂವರೆ ಪುಟ ಓದುವುದಿಲ್ಲ. ಎಡಗೈ ಬೆರಳು "ವಿಷಯ"ದ ಸಾಲಿನ ಮೇಲೆ ಹೋಗುತ್ತದೆ, ಬಲಗೈ ಸೀಲು ಒತ್ತುತ್ತದೆ, ಕಾಗದ ಒಂದು ಗುಡ್ಡೆಗೆ ಬೀಳುತ್ತದೆ. "ಭೇಟಿಗೆ ಸಮಯ ಕೋರಿ" ಅಂತಿದ್ದರೆ ಸಾಹೇಬರ ಡೈರಿ ಇಟ್ಟುಕೊಂಡಿರುವ ಆಪ್ತ ಸಹಾಯಕರ ಗುಡ್ಡೆ. "ಜಮೀನಿನ ಬಗ್ಗೆ" ಅಂದರೆ ಜಮೀನು ನೋಡುವ ಶಾಖೆಯ ಗುಡ್ಡೆ. ಜೊತೆಗೆ ಇಡೀ ಕೇಸನ್ನೇ ಒಳಗೆ ತುಂಬಿದ್ದರೆ ಅದು ಭೇಟಿ ಕೇಳುವ ಪತ್ರವಾಗಿ ಉಳಿಯುವುದಿಲ್ಲ, ಹೊಸ ಅರ್ಜಿಯೇ ಆಗುತ್ತದೆ. ಅರ್ಜಿ ಅಂದ ಮೇಲೆ "ಪರಿಶೀಲಿಸಿ ಮಂಡಿಸಿ" ಅಂತ ಷರಾ ಬಿದ್ದು ಕೆಳಗಿಳಿಯುತ್ತದೆ. ಇಳಿದು ಇಳಿದು ಎಲ್ಲಿಗೆ ಹೋಯಿತು? ಕಡತ ಮಲಗಿಸಿದ್ದ ಅದೇ ಮೇಜಿಗೆ. ಕಚೇರಿಯ ಹೆಸರು ಬೇಡ ಬಿಡಿ. ನಿಮ್ಮೂರಲ್ಲೂ ಅಂಥದ್ದೊಂದು ಇರುತ್ತದೆ.

23 ದಿನದ ಮೇಲೆ ಹಿಂಬರಹ ಬಂತು. "ತಮ್ಮ ಅರ್ಜಿಯನ್ನು ಸಂಬಂಧಪಟ್ಟ ಶಾಖೆಗೆ ಕಳಿಸಲಾಗಿದೆ." ದೊಡ್ಡಪ್ಪ ಅದನ್ನು ದೇವರ ಫೋಟೋ ಪಕ್ಕ ಇಟ್ಟರು. ಸಕಾಲ ಕಾಯ್ದೆ 2011ರಲ್ಲೇ ಬಂದಿದೆ, ಎಷ್ಟೋ ಕೆಲಸಗಳಿಗೆ ಇಂತಿಷ್ಟೇ ದಿನ ಅಂತ ಗಡುವಿದೆ. ಸಾಹೇಬರ ಮುಖ ನೋಡುವುದಕ್ಕೂ ಗಡುವು ಇಟ್ಟಿದ್ದರೆ ಚೆನ್ನಾಗಿತ್ತು ಅಂತ ನನಗಂತೂ ಅನ್ನಿಸಿತು.

ಎರಡನೇ ಪತ್ರ ನಾನೇ ಬರೆದೆ. ಪೂರ್ತಿ ಇಲ್ಲಿದೆ, ಬಹಳ ಹೊತ್ತು ಹಿಡಿಯುವುದಿಲ್ಲ.

"ವಿಷಯ: ಬಾಕಿ ಇರುವ ಪಹಣಿ ತಿದ್ದುಪಡಿ ಕಡತದ ಬಗ್ಗೆ ತಮ್ಮ ಭೇಟಿಗೆ ಹತ್ತು ನಿಮಿಷ ಸಮಯ ಕೋರಿ.

ಉಲ್ಲೇಖ: ನನ್ನ ಅರ್ಜಿಯ ಸ್ವೀಕೃತಿ ಸಂಖ್ಯೆ ಮತ್ತು ದಿನಾಂಕ.

ಮಾನ್ಯರೇ, ಮೇಲ್ಕಂಡ ಅರ್ಜಿಗೆ ಸರ್ವೆ ವರದಿ ಬಂದು ಐದು ತಿಂಗಳು ಮೀರಿದ್ದು, ಆದೇಶ ಬಾಕಿ ಇದೆ. ಈ ಬಗ್ಗೆ ತಮ್ಮನ್ನು ಕಂಡು ಮಾತಾಡಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಮುಂದಿನ ಮಂಗಳವಾರ ಇಲ್ಲವೇ ಗುರುವಾರ ಮಧ್ಯಾಹ್ನ 3ರ ನಂತರ ಬರಬಲ್ಲೆ. ತಮಗೆ ಅನುಕೂಲವಾದ ಬೇರೆ ದಿನ ತಿಳಿಸಿದರೂ ಬರುತ್ತೇನೆ. ಹಳೇ ಪಹಣಿ ಮತ್ತು ಸರ್ವೆ ವರದಿಯ ನಕಲು ಜೊತೆಗೆ ತರುತ್ತೇನೆ. ತಮ್ಮ ವಿಶ್ವಾಸಿ."

ಕೆಳಗೆ ಸಹಿ, ಹೆಸರು, ಮೊಬೈಲ್ ನಂಬರ್. ಮೊದಲ ಪತ್ರದಲ್ಲಿ ಇಡೀ ವಂಶವೃಕ್ಷ ಇತ್ತು, ಮೊಬೈಲ್ ನಂಬರೇ ಇರಲಿಲ್ಲ.

ದೊಡ್ಡಪ್ಪ ಕಾಗದ ತಿರುಗಿಸಿ ಹಿಂದೆ ನೋಡಿದರು. ಖಾಲಿ.

"ಇಷ್ಟೇನಾ? ಇಷ್ಟು ಚಿಕ್ಕದು ಕೊಟ್ರೆ ಸಾಹೇಬ್ರಿಗೆ ಅವಮಾನ ಆಗಲ್ವೇನೋ?"

"ಮಾನ್ಯರೇ ಅಂತ ಇದೆಯಲ್ಲ ದೊಡ್ಡಪ್ಪ."

"ಒಂದೇ ಸಲ ಇದೆ."

"ಆ ಮೇಜಿನವನು ನಾಲ್ಕು ಸಲ ನಾಳೆ ಬಾ ಅಂದಿದ್ದನ್ನಾದ್ರೂ ಹಾಕು" ಅಂತ ಹಟ ಹಿಡಿದರು. ಹಾಕಲಿಲ್ಲ. ಅದನ್ನು ಬರೆದರೆ ಪತ್ರ ದೂರಾಗುತ್ತದೆ, ದೂರಾದರೆ ಮತ್ತೆ ಆ ಮೇಜಿನಿಂದಲೇ ವಿವರಣೆ ಕೇಳುತ್ತಾರೆ. ಎದುರು ಕೂತಾಗ ಬಾಯಲ್ಲಿ ಹೇಳಿದರಾಯಿತು. ಎರಡು ಪ್ರತಿ ಒಯ್ದೆವು. ಒಂದು ಅವರಿಗೆ, ಇನ್ನೊಂದರ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಂಡೆವು. ಸೀಲಿಲ್ಲದ ಪತ್ರ ಕೊಟ್ಟೂ ಕೊಟ್ಟಂತಲ್ಲ.

ನಾಲ್ಕನೇ ದಿನ ಫೋನ್ ಬಂತು. ಗುರುವಾರ 4 ಗಂಟೆ. ಹೋದೆವು. ಸಾಹೇಬರು ವಿಡಿಯೋ ಕಾನ್ಫರೆನ್ಸ್‌ನಲ್ಲಿದ್ದರು. 5.40ಕ್ಕೆ ದಫೇದಾರ್ ಬಾಗಿಲು ತೆಗೆದ.

ನಿಜ ಹೇಳಬೇಕು, ಸಾಹೇಬರು ಒಳ್ಳೆಯವರು. ಕುರ್ಚಿ ತೋರಿಸಿದರು, ಸರ್ವೆ ವರದಿ ನೋಡಿದರು. "ಇದ್ರಲ್ಲಿ ತೊಂದ್ರೆ ಏನಿದೆ?" ಅಂತ ಅವರೇ ಕೇಳಿದರು. ಗಂಟೆ ಒತ್ತಿದರು. ವಿಷಯ ನಿರ್ವಾಹಕರು ಕಡತ ತಂದರು. ತೆರೆದರೆ ಎಲ್ಲಕ್ಕಿಂತ ಮೇಲೆ, ಟ್ಯಾಗ್ ಹಾಕಿ ಭದ್ರವಾಗಿ ಕಟ್ಟಿದ್ದು ದೊಡ್ಡಪ್ಪನ ಎರಡೂವರೆ ಪುಟದ ಪತ್ರ. ಪಕ್ಕದಲ್ಲಿ ಟಿಪ್ಪಣಿ: "ಅರ್ಜಿದಾರರು ಒತ್ತುವರಿ ಬಗ್ಗೆ ಹೊಸ ಅರ್ಜಿ ಸಲ್ಲಿಸಿರುವುದರಿಂದ, ಸದರಿ ಅರ್ಜಿ ಇತ್ಯರ್ಥವಾಗುವವರೆಗೆ ತಿದ್ದುಪಡಿ ಆದೇಶ ತಡೆಹಿಡಿಯಬಹುದಾಗಿದೆ."

ಸಾಹೇಬರು ಒಂದು ಕ್ಷಣ ಸುಮ್ಮನಿದ್ದರು.

"ಯಜಮಾನ್ರೇ, ಒಂದು ಕೆಲಸ ಮಾಡಿ. ಆ ಹಳೇ ಪತ್ರ ವಾಪಸ್ ತಗೊಂಡಿದೀನಿ ಅಂತ ಒಂದು ಅರ್ಜಿ ಬರೆದು ಕೊಟ್ಬಿಡಿ. ನಾಳೆನೇ ಆದೇಶ ಮಾಡ್ತೀನಿ."

ಹೊರಗೆ ಟೈಪಿಂಗ್ ಅಂಗಡಿ ಇನ್ನೂ ತೆರೆದಿತ್ತು. ಹುಡುಗ ದೊಡ್ಡಪ್ಪನನ್ನು ನೋಡಿದ್ದೇ ಕೀಬೋರ್ಡ್ ಹತ್ತಿರ ಎಳೆದುಕೊಂಡ.

"ದಕ್ಷ, ಪ್ರಾಮಾಣಿಕ, ಜನಾನುರಾಗಿ ಹಾಕ್ಲಾ ಯಜಮಾನ್ರೇ?"

ನಾನು ಬೇಡ ಅನ್ನುವಷ್ಟರಲ್ಲಿ ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಕೂತರು.

"ಹಾಕಪ್ಪ. ಈ ಸಲ ಕಣ್ಣಾರೆ ನೋಡಿ ಬಂದೀನಿ."