ಹೆಸರು ಓದುವ ಮೊದಲ ದಿನ

ಪುಣೆಯಲ್ಲಿ ಹದಿನಾಲ್ಕು ವರ್ಷಗಳಿಂದ ಎಚ್‌ಆರ್ ವಿಭಾಗದಲ್ಲೇ ದುಡಿಯುತ್ತಿರುವ ನಾನು ಹೊಸಬರ ಮೊದಲ ದಿನದ ಭಾಷಣವನ್ನು ಎಷ್ಟು ಸಲ ಕೇಳಿದ್ದೇನೆಂಬ ಲೆಕ್ಕ ಇಟ್ಟಿಲ್ಲ. ಕಂಪನಿ ಹುಟ್ಟಿದ ಕಥೆ, ಮೌಲ್ಯಗಳ ಸ್ಲೈಡು, ಆಮೇಲೆ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಹೆಸರಿನ ಜೊತೆ ಒಂದು ತಮಾಷೆಯ ಸಂಗತಿ ಹೇಳುವುದು, ಇದು ಅಲ್ಲಿಯ ಕ್ರಮ. ಕಳೆದ ಮಳೆಗಾಲದಲ್ಲಿ ಊರಿಗೆ ಬಂದಾಗ, ಕಲಬುರಗಿ ಹೊರವಲಯದ ಕಾರ್ಖಾನೆಯೊಂದರಲ್ಲಿ ಎಚ್‌ಆರ್ ಮುಖ್ಯಸ್ಥನಾಗಿರುವ ನನ್ನ ಕಾಲೇಜಿನ ಗೆಳೆಯ ಒತ್ತಾಯಿಸಿ ಕರೆದದ್ದರಿಂದ ಮೂವತ್ತನಾಲ್ಕು ಹೊಸಬರ ಹಿಂದಿನ ಬೆಂಚಿನಲ್ಲಿ ಕುಳಿತು ಅವನ ಭಾಷಣ ಕೇಳಿದೆ.

ಕಂಪನಿಯ ಪರಿಚಯ ಐದು ನಿಮಿಷದಲ್ಲಿ ಮುಗಿಯಿತು: ಏನು ತಯಾರಾಗುತ್ತದೆ, ಯಾರು ಕೊಳ್ಳುತ್ತಾರೆ, ಯಾವ ವಿಭಾಗ ಯಾವ ಶೆಡ್ಡಿನಲ್ಲಿದೆ. ನಂತರ ಅವನು ಹಾಜರಿ ಪಟ್ಟಿ ಕೈಗೆತ್ತಿಕೊಂಡು, "ನಿಮ್ಮ ಹೆಸರ ಆಧಾರದಾಗ ಹ್ಯಾಂಗ್ ಅದ ಹಂಗೇ ಓದ್ತೀನಿ, ಹತ್ತನೇತ್ತೆ ಮಾರ್ಕ್ಸ್ ಕಾರ್ಡಿನಾಗ ಬ್ಯಾರೆ ಇದ್ರ ಅಲ್ಲೇ ಕೈ ಎತ್ರಿ" ಎಂದ. ಒಬ್ಬೊಬ್ಬರ ಹೆಸರು, ಊರು, ಸೇರಲಿರುವ ವಿಭಾಗವನ್ನು ಅವನೇ ಓದುತ್ತಿದ್ದುದರಿಂದ ಅದು ಬ್ಯಾಚಿನ ಪರಿಚಯವೂ ಆಯಿತು, ದಾಖಲೆಯ ಪರಿಶೀಲನೆಯೂ ಆಯಿತು. ಏಳು ಕೈಗಳು ಮೇಲೆದ್ದವು.

ನಮ್ಮ ಭಾಗದಲ್ಲಿ ಇಷ್ಟು ಕೈ ಏಳುವುದಕ್ಕೆ ಕಾರಣವಿದೆ. ಬಸವರಾಜ ಎಂಬ ಒಂದೇ ಹೆಸರನ್ನು ಶಾಲೆಯವರು Basavaraj ಎಂದೂ ಆಧಾರ್ ಮಾಡಿದವರು Basawaraj ಎಂದೂ ಬರೆದಿರುತ್ತಾರೆ. ಒಂದರಲ್ಲಿ ತಂದೆಯ ಹೆಸರು ಹಿಂದೆ ಅಂಟಿಕೊಂಡಿದ್ದರೆ ಇನ್ನೊಂದರಲ್ಲಿ ಮನೆತನದ ಹೆಸರು ಮುಂದೆ ಬಂದಿರುತ್ತದೆ. ಭವಿಷ್ಯ ನಿಧಿಯಲ್ಲಿ ಪ್ರತಿ ನೌಕರನಿಗೂ ಇರುವ ಯುಎಎನ್ ಸಂಖ್ಯೆಯ ದಾಖಲೆ ಆಧಾರಿನ ಹೆಸರು, ಹುಟ್ಟಿದ ದಿನ, ಲಿಂಗಗಳಿಗೆ ತಾಳೆಯಾಗಬೇಕು. ಆ ಜೋಡಣೆ ಆಗದೆ ಸಂಬಳದಿಂದ ಹಿಡಿದ ಪಿಎಫ್ ಹಣವನ್ನು ಅವರ ಖಾತೆಗೆ ಕಟ್ಟಲಾಗದು. ಹಾಗೆಂದು ಅವಸರದಲ್ಲಿ ಆಧಾರ್ ಕೇಂದ್ರಕ್ಕೆ ಓಡುವಂತೆಯೂ ಇಲ್ಲ, ಏಕೆಂದರೆ ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಸಾಮಾನ್ಯವಾಗಿ ಒಂದೇ. ಆದ್ದರಿಂದ ಗೆಳೆಯ ಆ ಏಳು ಜನರಿಗೆ ಮೊದಲು ಮಾರ್ಕ್ಸ್ ಕಾರ್ಡು, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಪಕ್ಕಪಕ್ಕ ಇಟ್ಟು ಯಾವ ರೂಪ ಹೆಚ್ಚು ಕಡೆ ಇದೆಯೋ ಅದನ್ನು ಆರಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳಲು ಹೇಳಿ, ವಾರದ ಮೂರನೆಯ ದಿನ ಮಧ್ಯಾಹ್ನ ಅದಕ್ಕಾಗಿಯೇ ರಜೆ ಕೊಟ್ಟ.

ಇದು ನನಗೆ ತಾಗಿದ್ದು ಸುಮ್ಮನೆ ಅಲ್ಲ. ಪುಣೆಯಲ್ಲಿ ನನ್ನ ಮೊದಲ ಕಂಪನಿಯವರು ನನ್ನ ತಂದೆಯ ಹೆಸರನ್ನು ನನ್ನ ಹೆಸರಿಗೆ ಸೇರಿಸಿ ನಮೂದಿಸಿದ್ದರು. ಅದು ನನಗೆ ತಿಳಿದದ್ದು ನೌಕರಿ ಬಿಟ್ಟ ಮೇಲೆ, ಪಿಎಫ್ ವರ್ಗಾವಣೆಯ ಅರ್ಜಿ ತಿರಸ್ಕೃತವಾದಾಗ. ತಿದ್ದುಪಡಿಗೆ ನೌಕರ ಮತ್ತು ಮಾಲೀಕ ಇಬ್ಬರೂ ಸೇರಿ ಜಂಟಿ ಘೋಷಣೆ ಕೊಡಬೇಕಾಗಿತ್ತು, ಬಿಟ್ಟುಬಂದ ಕಂಪನಿಯ ಸಹಿಗಾಗಿ ನಾನು ಐದು ತಿಂಗಳು ಅಲೆದೆ. ಮೊದಲ ದಿನ ನಾನು ಹೇಳಿದ ತಮಾಷೆಯ ಸಂಗತಿ ಅಲ್ಲಿ ಯಾರಿಗೂ ನೆನಪಿರಲಿಲ್ಲ.

ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ವಿಷಯಕ್ಕೂ ಗೆಳೆಯ ಸಮಯ ಕೊಟ್ಟ. ತಿಂಗಳ ಕೂಲಿ 21,000 ರೂಪಾಯಿ ಒಳಗಿರುವವರಿಂದ ಶೇಕಡಾ 0.75 ಕಡಿತವಾಗುತ್ತದೆ, ಕಂಪನಿ ಶೇಕಡಾ 3.25 ಸೇರಿಸುತ್ತದೆ, ಚಿಕಿತ್ಸೆಯ ಹಕ್ಕು ಮೊದಲ ದಿನದಿಂದಲೇ ಇದೆ. "ಅವ್ವ ಅಪ್ಪಂದು ಹೆಸರ ಇವತ್ತ ಹಚ್ಚಲಿಲ್ಲಂದ್ರ, ನಾಳೆ ಆಸ್ಪತ್ರಿ ಕೌಂಟರಿನಾಗ ನನಗ ಫೋನ್ ಹಚ್ಚಬ್ಯಾಡ್ರಿ" ಎಂದಾಗ ಎಲ್ಲರೂ ನಕ್ಕರು. ಕಲಬುರಗಿಯಲ್ಲೇ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಇರುವುದರಿಂದ ಆ ಮಾತು ಅವರಿಗೆ ದೂರದ್ದೆನಿಸಲಿಲ್ಲ. ವಾರದ ಉಳಿದ ದಿನಗಳನ್ನು ಅವನು ಬೇಗ ಮುಗಿಸಿದ: ಎರಡನೆಯ ದಿನ ಸೈರನ್ ಮತ್ತು ಒಟ್ಟುಸೇರುವ ಜಾಗ, ನಾಲ್ಕನೆಯ ದಿನದಿಂದ ಸೂಪರ್‌ವೈಸರ್ ಜೊತೆ ಯಂತ್ರ, ಶನಿವಾರ ಅವನೊಂದಿಗೆ ಭೇಟಿ. ತಿಂಗಳ 20ರ ನಂತರ ಸೇರಿದವರ ಸಂಬಳ ಮುಂದಿನ ತಿಂಗಳ ಸಂಬಳದೊಂದಿಗೆ ಬರುತ್ತದೆಂಬುದನ್ನು ಮಾತ್ರ ಎರಡು ಸಲ ಹೇಳಿದ, ಏಕೆಂದರೆ ಹಿಂದಿನ ಬ್ಯಾಚಿನ ಒಬ್ಬ ಹುಡುಗ ಮೊದಲ ಸಂಬಳ ನಂಬಿ ರೂಮಿನ ಬಾಡಿಗೆಗೆ ಮಾತು ಕೊಟ್ಟು ಪೇಚಿಗೆ ಸಿಲುಕಿದ್ದನಂತೆ.

ಆದರೆ ಪುಣೆಯವರು ಬಿಡದ ಒಂದು ಸಂಗತಿಯನ್ನು ಇವನು ಬಿಟ್ಟಿದ್ದ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, 2013ರ ಕಾಯ್ದೆಯಂತೆ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಪುಣೆಯಲ್ಲಿ ಅದರ ಸದಸ್ಯರ ಹೆಸರು ಮತ್ತು ಫೋನ್ ನಂಬರು ಪರದೆಯ ಮೇಲೆ ಬಂದೇ ಬರುತ್ತವೆ. ಇಲ್ಲಿ ಒಂಬತ್ತು ಹೆಣ್ಣುಮಕ್ಕಳು ಸೇರಿದ್ದರೂ ಆ ಮಾತು ಬರಲಿಲ್ಲ. ಚಹಾ ಹೊತ್ತಿನಲ್ಲಿ ಕೇಳಿದರೆ, "ಸಮಿತಿ ಅದನೋ, ನೋಟಿಸ್ ಬೋರ್ಡಿಗೆ ಹಚ್ಚೀವಿ" ಎಂದ. ಬೋರ್ಡು ಗಂಡಸರ ಪಾಳಿಯ ಕೋಣೆಯ ಪಕ್ಕದಲ್ಲಿತ್ತು. ನಾನು ಅದನ್ನು ತೋರಿಸಿದ ಮೇಲೆ ಅವನು ಸ್ವಲ್ಪ ಮುಜುಗರಪಟ್ಟು, ಚಹಾ ಬಿಟ್ಟು ಎದ್ದು ಹೋಗಿ, ಅಧ್ಯಕ್ಷೆಯನ್ನೇ ಕರೆತಂದು ಹೊಸಬರ ಮುಂದೆ ನಿಲ್ಲಿಸಿದ.

ನಾನು ಹೊರಡುವಾಗ ಆ ಏಳು ಜನ ಇನ್ನೂ ಮೇಜಿನ ಮುಂದೆ ಸಾಲಿನಲ್ಲಿದ್ದರು. ಅವರಲ್ಲೊಬ್ಬನ ತಂದೆ ಗೇಟಿನ ಹೊರಗೆ, ಮಗನ ಮೂಲ ಮಾರ್ಕ್ಸ್ ಕಾರ್ಡಿದ್ದ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕಾದು ನಿಂತಿದ್ದರು.