ಕೊನೆಯ ಕಾಲಂನಲ್ಲಿ ಪಿವಟ್ ಬರೆದರೆ ಸಾಕೇ? ಒಂದು ಸ್ಪಷ್ಟನೆ

"3×3 ಮ್ಯಾಟ್ರಿಕ್ಸ್‌ನ ಕೊನೆಯ ಕಾಲಂನಲ್ಲಿ ಪಿವಟ್ ಬಿಂದುವನ್ನು ಹಾಕಿ, ಚಿತ್ರ ಅದರ ಸುತ್ತಲೇ ತಿರುಗುತ್ತದೆ."

ಇದು ತಪ್ಪು. ಹಾಗೆ ಮಾಡಿದರೆ ಚಿತ್ರ ಮೂಲಬಿಂದುವಿನ ಸುತ್ತ ತಿರುಗಿ, ಆಮೇಲೆ ಸುಮ್ನೆ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ.

ಮೊದಲು ಪಿವಟ್ ಅನ್ನು ಮೂಲಬಿಂದುವಿಗೆ ತರಬೇಕು. ಅಲ್ಲಿ ಹಿಗ್ಗಿಸಿ, ತಿರುಗಿಸಿ, ಮತ್ತೆ ವಾಪಸ್ ಒಯ್ಯಬೇಕು. ಬಿಂದುವಿಗೆ ಮೂರನೇ ಅಂಕಿಯಾಗಿ 1 ಸೇರಿಸುವುದರಿಂದ ಸರಿಸುವುದೂ ಗುಣಾಕಾರವೇ ಆಗುತ್ತದೆ. ಹಾಗಾಗಿ ಎಲ್ಲವೂ ಒಂದೇ ಮ್ಯಾಟ್ರಿಕ್ಸ್‌ಗೆ ಇಳಿಯುತ್ತದೆ. ಬಿಂದುವನ್ನು ಕಾಲಂ ಆಗಿ ಬರೆದರೆ ಮೊದಲ ಹೆಜ್ಜೆ ಬಲತುದಿಯಲ್ಲಿರುತ್ತದೆ. ಇಲ್ಲಿ p ಅಂದರೆ ಪಿವಟ್, T ಸರಿಸುತ್ತದೆ, S ಹಿಗ್ಗಿಸುತ್ತದೆ, R ತಿರುಗಿಸುತ್ತದೆ:

```
M = T(p) · R · S · T(-p)
```

ಪಿವಟ್ (4, 3), ಎರಡು ಪಟ್ಟು, ಎಡಕ್ಕೆ 90° ಎಂದುಕೊಳ್ಳಿ:

```
0  -2  10
2   0  -5
0   0   1
```

ಕೊನೆಯ ಕಾಲಂನಲ್ಲಿ ಬಂದದ್ದು 10, -5. ಪಿವಟ್ ಅಲ್ಲ, ಅಲ್ವಾ? ಪರೀಕ್ಷೆ ಸುಲಭ: ಪಿವಟ್ ಅನ್ನೇ ಗುಣಿಸಿ ನೋಡಿ. ಇಲ್ಲಿ (4, 3) ಕದಲುವುದಿಲ್ಲ. ತಪ್ಪು ಮ್ಯಾಟ್ರಿಕ್ಸ್‌ನಲ್ಲಿ ಅದು (-2, 11)ಕ್ಕೆ ಹಾರುತ್ತದೆ.